ನಾಳೆ ಕೈಗೆ ಮೈಕ್ರೋಮೀಟರ್ ಕೊಟ್ಟಾಗ

ಪ್ರೀತಿಯ ಗೆಳೆಯಾ,

ನಿನಗೆ ನನ್ನ ಅರ್ಧ ವಯಸ್ಸೂ ಆಗಿಲ್ಲ, ಆದರೂ ನಿನ್ನನ್ನು ಹೀಗೆ ಕರೆಯುವುದೇ ನನಗೆ ಇಷ್ಟ. ನಾಳೆ ಪೀಣ್ಯದಲ್ಲಿ ಇಂಟರ್‌ವ್ಯೂ, ಕ್ವಾಲಿಟಿ ಇನ್‌ಸ್ಪೆಕ್ಟರ್ ಕೆಲಸ, "ಕೈ ನಡುಗ್ತಿದೆ ಅಂಕಲ್" ಅಂತ ಮೆಸೇಜ್ ಹಾಕಿದ್ದೀಯ. ನಡುಗಲಿ ಬಿಡು. ಆ ಕೈ ಕೆಲಸ ಮಾಡುವುದನ್ನು ನಾನು ನೋಡಿದ್ದೇನೆ. ಅಪ್ರೆಂಟಿಸ್ ಆಗಿದ್ದಾಗ ಜಾಬಿನ ಅಂಚಿನ ಬರ್ ತೆಗೆಯದೆ, ಬಟ್ಟೆಯಲ್ಲಿ ಒರೆಸದೆ ನೀನು ಒಂದು ಪೀಸನ್ನೂ ಅಳೆದವನಲ್ಲ. ಯಾರೂ ನೋಡದಿದ್ದಾಗಲೂ ಹಾಗೇ ಮಾಡುತ್ತಿದ್ದೆ. ಈ ಕೆಲಸಕ್ಕೆ ಬೇಕಾದ ಮುಖ್ಯ ಗುಣ ಅದೇ, ಅದು ನಿನ್ನ ಹತ್ತಿರ ಇದೆ. ಉಳಿದದ್ದು ಅದನ್ನು ಅವರ ಕಣ್ಣಿಗೆ ಬೀಳುವ ಹಾಗೆ ಮಾಡುವುದಷ್ಟೇ.

ಇಂಥ ಕಂಪನಿಗಳಲ್ಲಿ ಮಾತು ಬೇಗ ಮುಗಿಯುತ್ತದೆ. ಊರು, ಓದು, ಎಲ್ಲಿ ಕೆಲಸ ಕಲಿತೆ ಅಂತ ಕೇಳುತ್ತಾರೆ. ಇಂಗ್ಲಿಷಿನಲ್ಲಿ ಶುರು ಮಾಡಿದರೆ ಗೊತ್ತಿರುವಷ್ಟು ಹೇಳು, ತಡವರಿಸಿದರೆ ಕನ್ನಡಕ್ಕೆ ಬಾ. ಮೇಜಿನ ಆಚೆ ಕೂತಿರುವ ಕ್ವಾಲಿಟಿ ಹೆಡ್ಡಿಗೂ ಅದು ನಿರಾಳವೇ. ಆಮೇಲೆ ಒಂದು ಶಾಫ್ಟು, ಒಂದು ಡ್ರಾಯಿಂಗು, ಒಂದು ಮೈಕ್ರೋಮೀಟರ್ ಮುಂದಿಟ್ಟು "ಅಳೆದು ಹೇಳಪ್ಪ" ಅಂದರು ಅಂತ ಇಟ್ಟುಕೋ. ನಾನು ಆ ಮೇಜಿನ ಆಚೆ ಕೂತಿದ್ದ ಕಾಲದಲ್ಲಿ ಹಾಗೇ ಮಾಡುತ್ತಿದ್ದೆ. ಆಗ ನಾನು ಇಂಟರ್‌ವ್ಯೂಗೆ ಬಂದವನು ಹೇಳುವ ಉತ್ತರಕ್ಕಿಂತ ಅವನ ಕೈ ಮೊದಲು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ನೋಡುತ್ತಿದ್ದೆ.

ಮೊದಲು ಡ್ರಾಯಿಂಗ್ ನೋಡು. 50 ಮಿ.ಮೀ. ಶಾಫ್ಟು, ಫಿಟ್ಟು ಸಣ್ಣ ಎಚ್ ಸಿಕ್ಸ್ ಅಂತ ಇದ್ದರೆ ಅದು 50.000ಕ್ಕಿಂತ ದಪ್ಪ ಇರಬಾರದು, 49.984ಕ್ಕಿಂತ ಸಣ್ಣ ಆಗಬಾರದು. ನಮಗಿರುವ ಜಾಗ 16 ಮೈಕ್ರಾನ್ ಮಾತ್ರ. 0.02 ಓದುವ ವರ್ನಿಯರ್ ಇಲ್ಲಿ ಕೆಲಸಕ್ಕೆ ಬಾರದು, ಅದರ ಒಂದು ಗೆರೆಯೇ ಈ ಜಾಗಕ್ಕಿಂತ ದೊಡ್ಡದು. ಮಾಮೂಲಿ 0.01ರ ಮೈಕ್ರೋಮೀಟರೂ ಸಾಲದು. 0.001 ಓದುವುದು ಬೇಕು. ಅವರು ಬೇಕೆಂದೇ ತಪ್ಪು ಉಪಕರಣ ಇಟ್ಟಿರಬಹುದು. "ಸಾರ್, ಇದಕ್ಕೆ ಮೈಕ್ರಾನ್ ಓದೋದು ಬೇಕು" ಅಂತ ಕೇಳಲು ಸಂಕೋಚ ಬೇಡ. ಕೇಳಿದವನಿಗೆ ಅಲ್ಲೇ ಅರ್ಧ ಕೆಲಸ ಸಿಕ್ಕಿರುತ್ತದೆ.

ಇನ್ನು ಜೀರೋ. 25ರಿಂದ 50ರವರೆಗಿನ ಮೈಕ್ರೋಮೀಟರ್ ಪೂರ್ತಿ ಮುಚ್ಚುವುದಿಲ್ಲ. ಹಾಗಾಗಿ ಮುಚ್ಚಿ ಜೀರೋ ನೋಡಲು ಆಗದು, ಅದರ ಪೆಟ್ಟಿಗೆಯಲ್ಲಿ ಬರುವ 25 ಮಿ.ಮೀ. ಸೆಟ್ಟಿಂಗ್ ರಾಡ್ ಬೇಕು. ಪೆಟ್ಟಿಗೆಯಲ್ಲಿ ರಾಡ್ ಇಲ್ಲದಿದ್ದರೆ ಕೇಳಿ ತೆಗೆದುಕೋ. ಎರಡು ಮುಖಗಳನ್ನೂ ಒರೆಸಿ, ರಾಡ್ ಹಿಡಿದು, ರ‍್ಯಾಚೆಟ್ಟಿನಿಂದಲೇ ತಿರುಗಿಸು. ಥಿಂಬಲ್ ಹಿಡಿದು ಬಿಗಿದರೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಅಳತೆ ಬರುತ್ತದೆ. ರಾಡಿಗೆ 25.004 ತೋರಿಸಿತು ಅಂದುಕೋ, ಆ ನಾಲ್ಕು ಮೈಕ್ರಾನನ್ನು ಮುಂದಿನ ಪ್ರತಿ ಅಳತೆಯಲ್ಲೂ ಕಳೆಯಬೇಕು. ಇದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಡ, ಬಾಯಿಬಿಟ್ಟು ಹೇಳಿ ಕಾಗದದಲ್ಲಿ ಬರೆ. ಶಾಫ್ಟನ್ನು ಎರಡು ತುದಿ ಮತ್ತು ನಡುವೆ ಅಳೆ. ಪ್ರತಿ ಜಾಗದಲ್ಲೂ ಒಮ್ಮೆ ಅಳೆದು, ಶಾಫ್ಟನ್ನು ಕಾಲು ಸುತ್ತು ತಿರುಗಿಸಿ ಇನ್ನೊಮ್ಮೆ ಅಳೆ. ಟೇಪರ್ ಇದ್ದರೂ ಓವಲ್ ಆಗಿದ್ದರೂ ಆಗ ಗೊತ್ತಾಗುತ್ತದೆ.

ಇಷ್ಟೂ ನಿನಗೆ ಗೊತ್ತು. ಜನ ಎಡವುವ ಜಾಗ ಒಂದಿದೆ, ಅದನ್ನು ಸ್ವಲ್ಪ ನಿಧಾನವಾಗಿ ಓದು. "ಪೀಸ್ ಮಷೀನಿನಿಂದ ಈಗ ತಾನೇ ಇಳಿದಿದೆ, ಅಳತೆ 49.992 ಬಂತು, ಓಕೆನಾ?" ಅಂತ ಕೇಳಿದರೆ ಎಷ್ಟೋ ಹುಡುಗರು ಓಕೆ ಅಂದುಬಿಡುತ್ತಾರೆ. 49.984 ಮತ್ತು 50.000ರ ಮಧ್ಯೆ ಇದೆಯಲ್ಲ! ಆದರೆ ಪೀಸ್ ಬಿಸಿ ಇದೆ. ಒಂದು ಮೀಟರ್ ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. ನಮ್ಮದು 50 ಮಿ.ಮೀ., ಅಂದರೆ ಮೀಟರಿನ ಇಪ್ಪತ್ತನೇ ಒಂದು ಭಾಗ. ಪೀಸು ರೂಮಿಗಿಂತ 20 ಡಿಗ್ರಿ ಹೆಚ್ಚು ಬಿಸಿ ಇದ್ದರೆ ಆ ಇಪ್ಪತ್ತಕ್ಕೂ ಈ ಇಪ್ಪತ್ತಕ್ಕೂ ವಜಾ ಆಗಿ ಲೆಕ್ಕ ಅದೇ 11.5 ಮೈಕ್ರಾನಿಗೆ ಬಂದು ನಿಲ್ಲುತ್ತದೆ. ತಣ್ಣಗಾದ ಮೇಲೆ ಶಾಫ್ಟು 49.980ರ ಆಸುಪಾಸಿಗೆ ಇಳಿಯುತ್ತದೆ. ಬಿಸಿಯಲ್ಲಿ ಪಾಸಾದ ಪೀಸು ತಣ್ಣಗಾಗಿ ರಿಜೆಕ್ಟ್! ದಪ್ಪ ಉಳಿದಿದ್ದರೆ ಇನ್ನೊಮ್ಮೆ ಗ್ರೈಂಡಿಂಗ್ ಕೊಟ್ಟು ಸರಿಮಾಡಬಹುದಿತ್ತು. ಸಣ್ಣಗಾದ ಶಾಫ್ಟಿಗೆ ಲೋಹ ತುಂಬುವವರು ಯಾರು?

"ಸ್ಟ್ಯಾಂಡರ್ಡ್ ಪ್ರಕಾರ ಅಳತೆ 20 ಡಿಗ್ರಿಯಲ್ಲಿ, ನಮ್ಮ ಶೆಡ್ಡಿನಲ್ಲಿ 30 ಇದೆ, ಆಗ?" ಅಂತಲೂ ಕೆಣಕಬಹುದು. ಅಲ್ಲಿ ಹೆದರಬೇಡ. ಮೈಕ್ರೋಮೀಟರೂ ಉಕ್ಕು, ಜಾಬೂ ಉಕ್ಕು. ಎರಡೂ ಒಂದೇ ಬಿಸಿಯಲ್ಲಿದ್ದರೆ ಹೆಚ್ಚುಕಡಿಮೆ ಒಟ್ಟಿಗೇ ಹಿಗ್ಗುತ್ತವೆ, ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಜಾಬು ಅಲ್ಯೂಮಿನಿಯಂ ಆದರೆ ಕಥೆ ಬೇರೆ, ಅದು ಉಕ್ಕಿನ ಎರಡರಷ್ಟು ಹಿಗ್ಗುತ್ತದೆ. ಆದ್ದರಿಂದ ನಿನ್ನ ಉತ್ತರ ಇಷ್ಟು: ಜಾಬನ್ನೂ ಮೈಕ್ರೋಮೀಟರನ್ನೂ ಕಲ್ಲಿನ ಸರ್ಫೇಸ್ ಪ್ಲೇಟಿನ ಮೇಲೆ ಒಟ್ಟಿಗೆ ಇಡುತ್ತೇನೆ, ಎರಡೂ ಒಂದೇ ಬಿಸಿಗೆ ಬಂದ ಮೇಲೆ ಅಳೆಯುತ್ತೇನೆ, ಮೈಕ್ರೋಮೀಟರನ್ನು ಅಂಗೈಯಲ್ಲಿ ಬೆಚ್ಚಗೆ ಹಿಡಿದುಕೊಂಡು ಓಡಾಡುವುದಿಲ್ಲ.

ಕೊನೆಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಲಾರಿ ನಿಂತಿದೆ, ಪ್ರೊಡಕ್ಷನ್ ಸೂಪರ್‌ವೈಸರ್ ಎರಡು ಮೈಕ್ರಾನ್ ತಾನೇ, ಪಾಸ್ ಮಾಡು ಅಂತಾನೆ. ಏನು ಮಾಡ್ತೀಯ?" ಇಲ್ಲಿ ವೀರನ ಹಾಗೆ ಮಾತಾಡಬೇಡ, ಜಗಳ ಆಡುತ್ತೇನೆ ಅನ್ನಲೂ ಬೇಡ. ಪೀಸಿಗೆ ಕೆಂಪು ಟ್ಯಾಗ್ ಹಾಕಿ ಬೇರೆ ಇಡುತ್ತೇನೆ, ಅಳತೆ ಬಂದ ಹಾಗೇ ರಿಪೋರ್ಟಿನಲ್ಲಿ ಬರೆಯುತ್ತೇನೆ, ಕ್ವಾಲಿಟಿ ಹೆಡ್ಡಿಗೆ ತಿಳಿಸುತ್ತೇನೆ ಅನ್ನು. ಗ್ರಾಹಕರಿಂದ ಡೀವಿಯೇಷನ್ ಬರಹದಲ್ಲಿ ತಂದರೆ ಕಳಿಸುವುದು ಅವರ ಅಧಿಕಾರ. ಅಳತೆ ತಿದ್ದುವುದು ಯಾರ ಅಧಿಕಾರವೂ ಅಲ್ಲ. ಇದನ್ನು ಮೆಲ್ಲಗೆ, ಸಾರ್ ಅಂತ ಸೇರಿಸಿಯೇ ಹೇಳು, ತೂಕ ಕಡಿಮೆಯಾಗುವುದಿಲ್ಲ.

ನೀನು ಕೆಲಸ ಕೇಳಿಕೊಂಡು ಹೋಗುತ್ತಿದ್ದೀಯ, ನಿಜ. ಆದರೆ ಅವರಿಗೂ ಕಣ್ಣು ಸರಿಯಿರುವ ಮನುಷ್ಯ ಬೇಕಾಗಿದೆ, ಅಂಥವರು ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಬಾಗಿಲಲ್ಲೇ ಕುಗ್ಗಿ ನಿಲ್ಲಬೇಡ. ಸರ್ಟಿಫಿಕೇಟುಗಳ ಒಂದು ಸೆಟ್ ಜೆರಾಕ್ಸ್ ಹೆಚ್ಚಿಗೆ ಇರಲಿ, ಉಗುರು ಕತ್ತರಿಸಿಕೋ, ಮೆಟ್ರೋದಲ್ಲಿ ಹೋಗು, ಬೆಳಗ್ಗೆ ಗೊರಗುಂಟೆಪಾಳ್ಯದ ಜಾಮ್ ನಂಬಬೇಡ.

"ನಿಮಗೇನಾದರೂ ಕೇಳೋದಿದೆಯಾ?" ಅಂದಾಗ ತಲೆ ಅಲ್ಲಾಡಿಸಿ ಎದ್ದು ಬರಬೇಡ. ಎರಡು ಕೇಳು. ಮೈಕ್ರೋಮೀಟರುಗಳನ್ನು ಎಷ್ಟು ತಿಂಗಳಿಗೊಮ್ಮೆ ಕ್ಯಾಲಿಬ್ರೇಷನ್‌ಗೆ ಕಳಿಸುತ್ತೀರಿ? ಇನ್‌ಸ್ಪೆಕ್ಟರ್ ಯಾರಿಗೆ ರಿಪೋರ್ಟ್ ಮಾಡಬೇಕು, ಪ್ರೊಡಕ್ಷನ್ ಮ್ಯಾನೇಜರಿಗಾ, ಕ್ವಾಲಿಟಿ ಹೆಡ್ಡಿಗಾ? ಎರಡನೆಯದಕ್ಕೆ ಅವರು "ನಮ್ಮಲ್ಲಿ ಎರಡೂ ಒಬ್ಬರೇ ನೋಡ್ಕೊತಾರೆ" ಅಂದರೆ, ಸಂಬಳ ಎಷ್ಟೇ ಹೇಳಲಿ, ಹೊರಗೆ ಬಂದು ನನಗೊಂದು ಫೋನ್ ಹಾಕು. ಆಮೇಲೆ ಒಪ್ಪಿಕೊಳ್ಳುವಿಯಂತೆ.

ನಿನ್ನ
ಹಳೇ ಇನ್‌ಸ್ಪೆಕ್ಟರ್ ಅಂಕಲ್