ಬೀಟಾ ಸೊನ್ನೆಯಾದರೆ ಅಪಾಯವೂ ಸೊನ್ನೆಯೇ? ಸಿಎಪಿಎಂ ಮತ್ತು ಎಪಿಟಿಗಳ ಹೋಲಿಕೆಗೆ ಮೂರು ಪರಿಕಲ್ಪನಾ ಪ್ರಶ್ನೆಗಳು

ಪೀಠಿಕೆ

ಷೇರಿನ ಅಪಾಯ ಹೆಚ್ಚಿದ್ದರೆ ಹೂಡಿಕೆದಾರ ಹೆಚ್ಚು ಪ್ರತಿಫಲ ಕೇಳುತ್ತಾನೆ. ಆದರೆ ಯಾವ ಅಪಾಯಕ್ಕೆ, ಎಷ್ಟು? ಇದಕ್ಕೆ 1964ರಲ್ಲಿ ವಿಲಿಯಂ ಶಾರ್ಪ್ ಕೊಟ್ಟ ಉತ್ತರ ಬಂಡವಾಳ ಆಸ್ತಿ ಬೆಲೆ ಮಾದರಿ, ಅಂದರೆ ಸಿಎಪಿಎಂ. 1976ರಲ್ಲಿ ಸ್ಟೀಫನ್ ರಾಸ್ ಕೊಟ್ಟ ಉತ್ತರ ಆರ್ಬಿಟ್ರೇಜ್ ಬೆಲೆ ಸಿದ್ಧಾಂತ, ಅಂದರೆ ಎಪಿಟಿ. ಇವೆರಡರ ವ್ಯತ್ಯಾಸ ಬರೆಯಿರಿ ಎಂದರೆ ವಿದ್ಯಾರ್ಥಿಗಳು ಸಾಮಾನ್ಯವಾಗಿ ‘ಒಂದರಲ್ಲಿ ಒಂದೇ ಅಂಶ, ಇನ್ನೊಂದರಲ್ಲಿ ಹಲವು ಅಂಶಗಳು’ ಎಂದು ಬರೆದು ನಿಲ್ಲಿಸುತ್ತಾರೆ. ಆ ಉತ್ತರ ತಪ್ಪಲ್ಲ. ಆದರೆ ವಿಷಯ ಅರ್ಥವಾಗಿದೆಯೇ ಎಂಬುದು ಅದರಿಂದ ತಿಳಿಯುವುದಿಲ್ಲ. ಅದನ್ನು ತಿಳಿಯಲು ಒಂದೇ ಉದಾಹರಣೆಯ ಮೇಲೆ ಕಟ್ಟಿದ ಮೂರು ಪ್ರಶ್ನೆಗಳನ್ನು ಇಲ್ಲಿ ವಿವರಿಸಿದ್ದೇನೆ. ಬೇಕಾದ ಪೂರ್ವಜ್ಞಾನ ಇಷ್ಟೇ: ಶೇಕಡ, ಸರಾಸರಿ ಮತ್ತು ಸರಳ ಸಮೀಕರಣ.

ಕಪ್ಪುಹಲಗೆಯ ಮೇಲಿನ ಉದಾಹರಣೆ

ಮೊದಲು ಎರಡು ಸೂತ್ರಗಳನ್ನು ಅಕ್ಕಪಕ್ಕ ಬರೆಯಬೇಕು.

ಸಿಎಪಿಎಂ: E(R) = Rf + β[E(Rm) − Rf]

ಎಪಿಟಿ: E(R) = Rf + b1λ1 + b2λ2

Rf ಎಂದರೆ ಅಪಾಯವಿಲ್ಲದ ಬಡ್ಡಿ. ಬೀಟಾ ಎಂದರೆ ಇಡೀ ಮಾರುಕಟ್ಟೆಯ ಏರಿಳಿತಕ್ಕೆ ಹೂಡಿಕೆ ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆ. b1 ಮತ್ತು b2 ಎಂದರೆ ಎರಡು ಬೇರೆ ಬೇರೆ ಅಂಶಗಳಲ್ಲಿ ಆಗುವ ಅನಿರೀಕ್ಷಿತ ಬದಲಾವಣೆಗೆ ಅದು ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆ. ಆ ಅಂಶಗಳು ಕೈಗಾರಿಕಾ ಉತ್ಪಾದನೆ ಮತ್ತು ಬಡ್ಡಿದರಕ್ಕೆ ಸಂಬಂಧಿಸಿದವು ಎಂದುಕೊಳ್ಳೋಣ. λ ಎಂದರೆ ಆ ಅಪಾಯವನ್ನು ಹೊರುವುದಕ್ಕೆ ಸಿಗುವ ಹೆಚ್ಚುವರಿ ಪ್ರತಿಫಲ.

ಅಪಾಯವಿಲ್ಲದ ಬಡ್ಡಿ ಶೇ. 6, λ1 ಶೇ. 4, λ2 ಶೇ. 3 ಇರಲಿ. ಹಲವು ಕಂಪನಿಗಳ ಷೇರುಗಳನ್ನು ಸೇರಿಸಿ ಮಾಡಿದ ಎರಡು ದೊಡ್ಡ ಬುಟ್ಟಿಗಳಿವೆ. ‘ಅ’ ಬುಟ್ಟಿ ಮೊದಲ ಅಂಶಕ್ಕೆ ಮಾತ್ರ 1ರಷ್ಟು ಸ್ಪಂದಿಸುತ್ತದೆ; ಅದರ ನಿರೀಕ್ಷಿತ ಪ್ರತಿಫಲ 6 + 4 = ಶೇ. 10. ‘ಬ’ ಬುಟ್ಟಿ ಎರಡನೆಯ ಅಂಶಕ್ಕೆ ಮಾತ್ರ 1ರಷ್ಟು ಸ್ಪಂದಿಸುತ್ತದೆ; ಅದರದು 6 + 3 = ಶೇ. 9. ಇಡೀ ಮಾರುಕಟ್ಟೆ ಎರಡೂ ಅಂಶಗಳಿಗೆ 1ರಷ್ಟು ಸ್ಪಂದಿಸುವುದರಿಂದ ಅದರದು ಶೇ. 13. ಎರಡು ಅಂಶಗಳ ಏರಿಳಿತ ಸಮಾನವಾಗಿದ್ದು, ಒಂದಕ್ಕೊಂದು ಸಂಬಂಧವಿಲ್ಲ ಎಂದು ಭಾವಿಸೋಣ. ಆಗ ಮಾರುಕಟ್ಟೆಯ ಒಟ್ಟು ಏರಿಳಿತದಲ್ಲಿ ಅರ್ಧ ಪಾಲು ಒಂದೊಂದು ಅಂಶದ್ದು. ಆದ್ದರಿಂದ ‘ಅ’ ಮತ್ತು ‘ಬ’ ಎರಡರ ಬೀಟಾ ಕೂಡ 0.5.

ಪ್ರಶ್ನೆ 1: ಬೀಟಾ ಒಂದೇ ಇದ್ದು ಪ್ರತಿಫಲ ಬೇರೆಯಾಗಬಹುದೇ?

ಸಿಎಪಿಎಂ ಪ್ರಕಾರ ಎರಡೂ ಬುಟ್ಟಿಗಳಿಗೆ ಸಿಗಬೇಕಾದದ್ದು 6 + 0.5 × 7 = ಶೇ. 9.5. ಇಲ್ಲಿ ಒಂದಕ್ಕೆ 10, ಇನ್ನೊಂದಕ್ಕೆ 9 ಇದೆ. ‘ಹಾಗಾದರೆ ಬ ಮಾರಿ ಅ ಕೊಂಡರೆ ಅಪಾಯವಿಲ್ಲದೆ ಲಾಭ’ ಎಂಬ ಉತ್ತರ ತರಗತಿಯಲ್ಲಿ ಬರುವುದು ಸಹಜ. ಆ ಉತ್ತರವನ್ನು ತಿದ್ದದೆ, ಲೆಕ್ಕಕ್ಕೆ ಒಡ್ಡಬೇಕು.

ಒಂದು ಲಕ್ಷ ರೂಪಾಯಿಯ ‘ಬ’ವನ್ನು ಸಾಲವಾಗಿ ಪಡೆದು ಮಾರಿ, ಆ ಹಣದಿಂದ ‘ಅ’ ಕೊಂಡೆವು. ಕೈಯಿಂದ ಹಾಕಿದ್ದು ಸೊನ್ನೆ, ಬೀಟಾ ಸೊನ್ನೆ, ನಿರೀಕ್ಷಿತ ಲಾಭ 1,000 ರೂ. ಈಗ ಮೊದಲ ಅಂಶ ಅನಿರೀಕ್ಷಿತವಾಗಿ 3 ಕುಸಿದು, ಎರಡನೆಯದು 2 ಏರಿತು ಎನ್ನೋಣ. ‘ಅ’ ಕೊಡುವುದು 10 − 3 = 7, ‘ಬ’ಕ್ಕೆ ನಾವು ತೆರಬೇಕಾದದ್ದು 9 + 2 = 11. ನಷ್ಟ 4,000 ರೂ. ಬೀಟಾ ಸೊನ್ನೆಯಾಗಿದ್ದರೂ ಅಪಾಯ ಉಳಿದಿತ್ತು, ಏಕೆಂದರೆ ನಮ್ಮ ವ್ಯವಹಾರದ ಸ್ಪಂದನೆ ಮೊದಲ ಅಂಶಕ್ಕೆ +1, ಎರಡನೆಯದಕ್ಕೆ −1. ಬೀಟಾ ಎಂಬ ಒಂದೇ ಸಂಖ್ಯೆಯಲ್ಲಿ ಇವೆರಡೂ ಸೇರಿ ಅಳಿಸಿಹೋದವು.

ಪ್ರಶ್ನೆ 2: ಹಾಗಾದರೆ ನಿಜವಾದ ಆರ್ಬಿಟ್ರೇಜ್ ಯಾವುದು?

‘ಕ’ ಎಂಬ ಮೂರನೆಯ ಬುಟ್ಟಿ ತರೋಣ. ಎರಡೂ ಅಂಶಗಳಿಗೆ ಅದರ ಸ್ಪಂದನೆ 0.5, ನಿರೀಕ್ಷಿತ ಪ್ರತಿಫಲ ಶೇ. 11. ‘ಅ’ ಅರ್ಧ, ‘ಬ’ ಅರ್ಧ ಸೇರಿಸಿದರೆ ಸರಿಯಾಗಿ ಅದೇ ಸ್ಪಂದನೆಗಳ ಮಿಶ್ರಣ ಸಿಗುತ್ತದೆ, ಆದರೆ ಅದರ ಪ್ರತಿಫಲ ಶೇ. 9.5 ಮಾತ್ರ. ಒಂದು ಲಕ್ಷದ ಮಿಶ್ರಣ ಮಾರಿ ‘ಕ’ ಕೊಳ್ಳೋಣ. ಅದೇ ಆಘಾತ ಬಂದರೆ ‘ಕ’ ಕೊಡುವುದು 11 − 1.5 + 1 = 10.5, ಮಿಶ್ರಣಕ್ಕೆ ತೆರುವುದು 9.5 − 1.5 + 1 = 9. ಲಾಭ 1,500 ರೂ. ಅಂಶಗಳಿಗೆ ಬೇರೆ ಯಾವ ಸಂಖ್ಯೆ ಕೊಟ್ಟರೂ ಲಾಭ ಅಷ್ಟೇ. ವಿದ್ಯಾರ್ಥಿಗಳೇ ಸಂಖ್ಯೆ ಹೇಳಲಿ, ಲೆಕ್ಕ ಮಾಡಲಿ.

ಇಂಥ ಅವಕಾಶ ಕಂಡವರೆಲ್ಲ ‘ಕ’ ಕೊಳ್ಳುತ್ತಾರೆ. ಅದರ ಬೆಲೆ ಏರಿ, ಮುಂದೆ ಸಿಗುವ ಪ್ರತಿಫಲ 9.5ರ ಕಡೆಗೆ ಇಳಿಯುತ್ತದೆ. ಎಪಿಟಿಯ ಸಮೀಕರಣ ಹುಟ್ಟುವುದು ಈ ಒಂದು ವಾದದಿಂದ. ಎರಡು ವ್ಯವಹಾರಗಳಲ್ಲಿಯೂ ಬೀಟಾ ಸೊನ್ನೆ ಎಂಬುದನ್ನು ಇಲ್ಲಿ ಮತ್ತೆ ತೋರಿಸಬೇಕು. ಒಂದು ಅಪಾಯಕ್ಕೆ ಸಿಕ್ಕ ಕೂಲಿ, ಇನ್ನೊಂದು ಬೆಲೆಯಲ್ಲಿನ ತಪ್ಪು. ಬೀಟಾ ಒಂದನ್ನೇ ನೋಡುವವನಿಗೆ ಎರಡೂ ಒಂದೇ ರೀತಿ ಕಾಣುತ್ತವೆ.

ಒಂದು ಮಿತಿಯನ್ನೂ ಹೇಳಬೇಕು. ‘ಕ’ ಬುಟ್ಟಿಯಾಗಿರದೆ ಒಂದೇ ಕಂಪನಿಯ ಷೇರಾಗಿದ್ದರೆ ಈ ವಾದ ಸಡಿಲವಾಗುತ್ತದೆ. ಆ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿದ್ದರೆ ಆ ನಷ್ಟವನ್ನು ಮಿಶ್ರಣ ಸರಿದೂಗಿಸುವುದಿಲ್ಲ. ದೊಡ್ಡ ಬುಟ್ಟಿಯಲ್ಲಿ ಇಂಥ ಸ್ವಂತ ಅಪಾಯಗಳು ಹಂಚಿ ಕರಗುತ್ತವೆ. ಆದ್ದರಿಂದ ಬಿಡಿ ಷೇರುಗಳ ವಿಷಯದಲ್ಲಿ ಎಪಿಟಿ ಸುಮಾರಾಗಿ ಮಾತ್ರ ಅನ್ವಯಿಸುತ್ತದೆ.

ಪ್ರಶ್ನೆ 3: ಹಲವು ಅಂಶಗಳಿದ್ದರೆ ಸಿಎಪಿಎಂ ಸುಳ್ಳೇ?

‘ಹೌದು’ ಎಂಬ ಉತ್ತರವೇ ಹೆಚ್ಚು ಬರಬಹುದು. ಅದು ಸರಿಯಲ್ಲ. ಉದಾಹರಣೆಯಲ್ಲಿ λ1 ಮತ್ತು λ2 ಎರಡನ್ನೂ 3.5 ಮಾಡಿ ನೋಡಿ. ಮಾರುಕಟ್ಟೆಯದು ಮೊದಲಿನಂತೆ 13, ‘ಅ’ 9.5, ‘ಬ’ 9.5. ಅಂಶಗಳು ಈಗಲೂ ಎರಡೇ, ಆದರೆ ಸಿಎಪಿಎಂ ಸರಿಯಾಗಿ ಹೊಂದುತ್ತದೆ. ಪ್ರತಿ ಅಂಶದ ಅಪಾಯಕ್ಕೆ ಸಿಗುವ ಹೆಚ್ಚುವರಿ ಪ್ರತಿಫಲ ಆ ಅಂಶದ ಬೀಟಾಕ್ಕೆ ತಕ್ಕಷ್ಟೇ ಇದ್ದರೆ ಎರಡು ಮಾದರಿಗಳೂ ಒಂದೇ ಉತ್ತರ ಕೊಡುತ್ತವೆ. ಆದ್ದರಿಂದ ಕೇಳಬೇಕಾದದ್ದು ಅಂಶಗಳು ಎಷ್ಟು ಎಂದಲ್ಲ, ಅವುಗಳಿಗೆ ಮಾರುಕಟ್ಟೆ ಕಟ್ಟುವ ಬೆಲೆ ಎಷ್ಟು ಎಂದು.

ಸಿಎಪಿಎಂ ಹೆಚ್ಚು ಊಹೆಗಳನ್ನು ಬೇಡುತ್ತದೆ: ಹೂಡಿಕೆದಾರರೆಲ್ಲ ಪ್ರತಿಫಲದ ಸರಾಸರಿ ಮತ್ತು ಏರಿಳಿತವನ್ನಷ್ಟೇ ನೋಡುತ್ತಾರೆ, ಅವರ ಅಂದಾಜುಗಳೂ ಒಂದೇ. ಪ್ರತಿಯಾಗಿ ಅದು ಅಂಶ ಯಾವುದೆಂದು ಹೆಸರಿಸಿ ಹೇಳುತ್ತದೆ: ಇಡೀ ಮಾರುಕಟ್ಟೆ. ಆ ‘ಇಡೀ ಮಾರುಕಟ್ಟೆ’ಯನ್ನು ಅಳೆಯುವುದೇ ಕಷ್ಟ ಎಂದು ರಿಚರ್ಡ್ ರೋಲ್ 1977ರಲ್ಲಿ ತೋರಿಸಿದರು. ಎಪಿಟಿಯ ಊಹೆಗಳು ಕಡಿಮೆ, ಆದರೆ ಅಂಶಗಳು ಯಾವುವು, ಎಷ್ಟು ಎಂದು ಅದು ಹೇಳುವುದಿಲ್ಲ. 1986ರಲ್ಲಿ ಚೆನ್, ರೋಲ್ ಮತ್ತು ರಾಸ್ ಕೈಗಾರಿಕಾ ಉತ್ಪಾದನೆ, ಹಣದುಬ್ಬರ, ಬಡ್ಡಿದರಗಳ ಅಂತರ ಮೊದಲಾದವನ್ನು ಪರೀಕ್ಷಿಸಿದ್ದು ಈ ಖಾಲಿ ಜಾಗವನ್ನು ತುಂಬಲು.

ಮೌಲ್ಯಮಾಪನ

ಕಲಿಕೆಯನ್ನು ಪರೀಕ್ಷಿಸಲು ಈ ಪ್ರಶ್ನೆ ಕೊಡಬಹುದು: ಮೊದಲಿನ λ ಬೆಲೆಗಳೇ ಇರಲಿ. ‘ಡ’ ಬುಟ್ಟಿಯ ಸ್ಪಂದನೆ ಎರಡೂ ಅಂಶಗಳಿಗೆ 1, ನಿರೀಕ್ಷಿತ ಪ್ರತಿಫಲ ಶೇ. 12. ಯಾವುದನ್ನು ಕೊಳ್ಳಬೇಕು, ಯಾವುದನ್ನು ಮಾರಬೇಕು?

ಉತ್ತರ: ‘ಡ’ವನ್ನು ಒಂದು ಲಕ್ಷಕ್ಕೆ ಮಾರಿ, ಇನ್ನೊಂದು ಲಕ್ಷವನ್ನು ಶೇ. 6ರ ಬಡ್ಡಿಗೆ ಸಾಲ ತಂದು, ‘ಅ’ ಮತ್ತು ‘ಬ’ಗಳನ್ನು ಒಂದೊಂದು ಲಕ್ಷಕ್ಕೆ ಕೊಳ್ಳಬೇಕು. 10 + 9 − 6 − 12 = 1, ಅಂದರೆ 1,000 ರೂ. ಖಚಿತ ಲಾಭ. ಬರೀ ‘ಡ ಮಾರಬೇಕು’ ಎಂದವರಿಗೆ ಅರ್ಧ ಅಂಕ ಸಾಕು. ಸಾಲದ ಒಂದು ಲಕ್ಷ ಏಕೆ ಬೇಕಾಯಿತೆಂದು ವಿವರಿಸಿದವರು, ಸ್ಪಂದನೆಗಳನ್ನು ಒಂದೊಂದಾಗಿ ಸೊನ್ನೆ ಮಾಡುವ ಕ್ರಮವನ್ನು ತಿಳಿದಿದ್ದಾರೆ ಎಂದು ಪೂರ್ಣ ಅಂಕ ಕೊಡಬಹುದು.