ಹತ್ತು ಚಲಕಗಳಲ್ಲಿ ಯಾವುದನ್ನು ಇಟ್ಟುಕೊಳ್ಳುವುದು? ಎಐಸಿ ಮತ್ತು ಬಿಐಸಿ

ಕಳೆದ ಟರ್ಮ್‌ನಲ್ಲಿ ಸಂಖ್ಯಾಶಾಸ್ತ್ರದ ಪ್ರಾಜೆಕ್ಟ್‌ಗೆ ನಾನು ಕಾರುಗಳ ಮೈಲೇಜನ್ನು ಆರಿಸಿಕೊಂಡಿದ್ದೆ. 'ಆರ್' ಎಂಬ ಉಚಿತ ತಂತ್ರಾಂಶದ ಜೊತೆಯಲ್ಲೇ mtcars ಎಂಬ ಪಟ್ಟಿ ಬರುತ್ತದೆ. ಅಮೆರಿಕದ ಒಂದು ಮೋಟಾರು ಪತ್ರಿಕೆ 1974ರಲ್ಲಿ ಪ್ರಕಟಿಸಿದ 32 ಕಾರುಗಳ ವಿವರ ಅದರಲ್ಲಿದೆ. ಮೈಲೇಜ್ ಒಂದು ಕಾಲಂ. ತೂಕ, ಸಿಲಿಂಡರ್‌ಗಳ ಸಂಖ್ಯೆ, ಹಾರ್ಸ್‌ಪವರ್, ಗೇರ್ ಎಂದು ಉಳಿದವು ಹತ್ತು. ನಾನು ಹತ್ತನ್ನೂ ರಿಗ್ರೆಷನ್‌ಗೆ ಹಾಕಿ, R² 0.87 ಬಂತೆಂದು ಖುಷಿಯಿಂದ ಒಪ್ಪಿಸಿದೆ. ತೂಕ ಒಂದನ್ನೇ ಹಾಕಿದ್ದರೆ 0.75 ಅಷ್ಟೇ ಬರುತ್ತಿತ್ತು. ಸರ್ ಆ 0.87ರ ಸುತ್ತ ಕೆಂಪು ಪೆನ್ನಿನಲ್ಲಿ ಒಂದು ಸುತ್ತು ಹಾಕಿ, "ಇದು ಕಡಿಮೆ ಆಗುವುದಕ್ಕೆ ಸಾಧ್ಯವಿತ್ತಾ?" ಎಂದು ಬರೆದು ವಾಪಸ್ ಕೊಟ್ಟರು.

ಸಾಧ್ಯವಿರಲಿಲ್ಲ. ಚಲಕ ಹೆಚ್ಚಿದಷ್ಟೂ R² ಏರುತ್ತದೆ, ಇಲ್ಲವೇ ಇದ್ದಲ್ಲೇ ಇರುತ್ತದೆ, ಇಳಿಯುವುದಂತೂ ಇಲ್ಲ. ಕಾರಿನ ನಂಬರ್ ಪ್ಲೇಟಿನ ಕೊನೆಯ ಅಂಕಿಯನ್ನು ಸೇರಿಸಿದರೂ ಅಷ್ಟೇ. ಆದ್ದರಿಂದ ಚಲಕ ಆರಿಸಲು R² ಒಂದನ್ನೇ ನೋಡಿದರೆ ಉತ್ತರ ಯಾವಾಗಲೂ "ಎಲ್ಲವನ್ನೂ ಹಾಕು" ಎಂದೇ ಆಗುತ್ತದೆ.

ನಮ್ಮ ಮನೆಯಲ್ಲಿ ಏನಾದರೂ ಕೊಳ್ಳಬೇಕು ಎಂದರೆ ಅಮ್ಮಿ ಕೇಳುವುದು ಎರಡೇ: ಫಾಯ್ದಾ ಎಷ್ಟು, ಬೆಲೆ ಎಷ್ಟು. ಎಐಸಿ, ಬಿಐಸಿ ಎರಡೂ ಪ್ರತಿ ಚಲಕಕ್ಕೂ ಇದನ್ನೇ ಕೇಳುತ್ತವೆ. ಎಐಸಿಯನ್ನು ಜಪಾನಿನ ಹಿರೊತುಗು ಅಕೈಕೆ 1970ರ ದಶಕದ ಆರಂಭದಲ್ಲಿ ರೂಪಿಸಿದರು. ಬಿಐಸಿ ಗಿಡಿಯನ್ ಶ್ವಾರ್ಟ್ಸ್ ಅವರ 1978ರ ಲೇಖನದಿಂದ ಬಂದದ್ದು. ಸಾಮಾನ್ಯ ರಿಗ್ರೆಷನ್‌ನಲ್ಲಿ ಅವುಗಳ ಸೂತ್ರ ಹೀಗಿದೆ:

```
AIC = n ln(RSS/n) + 2k
BIC = n ln(RSS/n) + k ln(n)
```

ಇಲ್ಲಿ n ಎಂದರೆ ಕಾರುಗಳ ಸಂಖ್ಯೆ, 32. ಪ್ರತಿ ಕಾರಿನ ನಿಜವಾದ ಮೈಲೇಜಿಗೂ ನಮ್ಮ ಸಮೀಕರಣ ಹೇಳಿದ ಮೈಲೇಜಿಗೂ ಇರುವ ವ್ಯತ್ಯಾಸವನ್ನು ವರ್ಗ ಮಾಡಿ ಕೂಡಿದರೆ ಸಿಗುವುದು RSS. k ಎಂದರೆ ಸಮೀಕರಣದಲ್ಲಿ ನಾವು ಲೆಕ್ಕ ಹಾಕಿದ ಗುಣಾಂಕಗಳ ಸಂಖ್ಯೆ, ಸ್ಥಿರಾಂಕವೂ ಸೇರಿ. ಎರಡೂ ಸೂತ್ರಗಳ ಮೊದಲ ಭಾಗ ಒಂದೇ. ಅದು ತಪ್ಪಿನ ಲೆಕ್ಕ. ಎರಡನೆಯ ಭಾಗ ದಂಡ. ಒಟ್ಟು ಕಡಿಮೆ ಬಂದ ಮಾದರಿಯೇ ಮೇಲು.

ಎಐಸಿಯಲ್ಲಿ ಪ್ರತಿ ಹೊಸ ಚಲಕದ ಬೆಲೆ 2. ನಿಮ್ಮ ಬಳಿ 32 ಕಾರುಗಳಿರಲಿ, 32 ಸಾವಿರವಿರಲಿ, ಅದು ಬದಲಾಗುವುದಿಲ್ಲ. ಬಿಐಸಿಯಲ್ಲಿ ಬೆಲೆ ln(n). 32 ಕಾರುಗಳಿಗೆ ಅದು 3.47, ಸಾವಿರಕ್ಕೆ 6.91. n ಎಂಟು ದಾಟಿದರೆ, ಅಥವಾ ಎಂಟೇ ಆದರೂ, ಬಿಐಸಿಯ ಬೆಲೆ ಎಐಸಿಯದಕ್ಕಿಂತ ಹೆಚ್ಚು.

ಈಗ ಲೆಕ್ಕ ನೋಡೋಣ. ತೂಕ ಮಾತ್ರ ಇರುವ ಮಾದರಿಯ RSS 278.32. ಅದನ್ನು 32ರಿಂದ ಭಾಗಿಸಿ, ln ತೆಗೆದು, 32ರಿಂದ ಗುಣಿಸಿದರೆ ಮೊದಲ ಭಾಗ 69.22 ಆಗುತ್ತದೆ. ಸಿಲಿಂಡರ್ ಸೇರಿಸಿದಾಗ RSS 191.17ಕ್ಕೆ ಇಳಿದು, ಮೊದಲ ಭಾಗ 57.20 ಆಗುತ್ತದೆ. ಅಂದರೆ ಫಾಯ್ದಾ 12.02. ಬೆಲೆ 2 ಆಗಲಿ, 3.47 ಆಗಲಿ, ಇದು ಧಾರಾಳವಾಗಿ ಲಾಭವೇ. ಇಬ್ಬರೂ ಒಪ್ಪುತ್ತಾರೆ.

ಮುಂದಿನದು ಹಾರ್ಸ್‌ಪವರ್. ಅದನ್ನೂ ಸೇರಿಸಿದರೆ RSS 176.62, ಮೊದಲ ಭಾಗ 54.66. ಈ ಬಾರಿಯ ಫಾಯ್ದಾ 2.53 ಮಾತ್ರ. ಎಐಸಿ 2 ಕೊಟ್ಟು 2.53 ಪಡೆಯುವುದು ಸರಿ ಎನ್ನುತ್ತದೆ. ಅದರ ಮೊತ್ತ 63.20ರಿಂದ 62.66ಕ್ಕೆ ಇಳಿಯುತ್ತದೆ. ಬಿಐಸಿ 3.47 ಕೊಟ್ಟು 2.53 ಪಡೆಯಲು ಒಪ್ಪುವುದಿಲ್ಲ. ಅದರ ಮೊತ್ತ 67.60ರಿಂದ 68.53ಕ್ಕೆ ಏರುತ್ತದೆ. ಅದೇ ಕಾರುಗಳು, ಅದೇ ಚಲಕ, ಆದರೆ ತೀರ್ಪು ಎರಡು. ಫಾಯ್ದಾ 2ಕ್ಕೂ 3.47ಕ್ಕೂ ನಡುವೆ ಬಿದ್ದದ್ದೇ ಇದಕ್ಕೆ ಕಾರಣ.

ನನ್ನ ಹತ್ತು ಚಲಕಗಳ ಮಾದರಿಯ ಗತಿ? ಅದರ ಎಐಸಿ 70.90. ತೂಕ ಮಾತ್ರ ಇರುವ ಮಾದರಿಯ 73.22ಕ್ಕಿಂತ ಕಡಿಮೆ ಇದ್ದರೂ, 62.66ರ ಹತ್ತಿರಕ್ಕೂ ಬರಲಿಲ್ಲ. ಬಿಐಸಿಯಲ್ಲಿ ಅದು 87.02, ತೂಕ ಮಾತ್ರ ಇರುವ ಮಾದರಿಯ 76.15ಕ್ಕಿಂತಲೂ ಕೆಟ್ಟದ್ದು!

ಹಾಗಾದರೆ ಯಾರ ಮಾತು ಕೇಳಬೇಕು? ನನಗೆ ತಿಳಿದ ಮಟ್ಟಿಗೆ ಇಬ್ಬರೂ ಕೇಳುತ್ತಿರುವ ಪ್ರಶ್ನೆಯೇ ಬೇರೆ. ನಾಳೆ ಬರುವ ಹೊಸ ಕಾರಿನ ಮೈಲೇಜನ್ನು ಯಾವ ಮಾದರಿ ಚೆನ್ನಾಗಿ ಊಹಿಸುತ್ತದೆ ಎಂಬುದು ಎಐಸಿಯ ಪ್ರಶ್ನೆ. ಈ ದತ್ತಾಂಶವನ್ನು ನೋಡಿದ ಮೇಲೆ ಯಾವ ಮಾದರಿ ನಿಜವಾಗಿರುವ ಸಂಭವ ಹೆಚ್ಚು ಎಂಬುದು ಬಿಐಸಿಯ ಪ್ರಶ್ನೆ. ಒಂದು ಚಲಕಕ್ಕೆ ಮೈಲೇಜಿನೊಂದಿಗೆ ಯಾವ ಸಂಬಂಧವೂ ಇಲ್ಲ ಎಂದುಕೊಳ್ಳಿ. ಆದರೂ ಅದೃಷ್ಟವಶಾತ್ ಸ್ವಲ್ಪ ಫಾಯ್ದಾ ತೋರಿಸುತ್ತದೆ. ಆ ಫಾಯ್ದಾ 2ನ್ನು ದಾಟುವ ಸಂಭವನೀಯತೆ ಸುಮಾರು ಶೇ. 16, ಇದನ್ನು ಕೈ-ವರ್ಗ ವಿತರಣೆಯಿಂದ ಲೆಕ್ಕ ಹಾಕಬಹುದು. ಅಂದರೆ ಇಂಥ ನೂರು ನಿರುಪಯೋಗಿ ಚಲಕಗಳಲ್ಲಿ ಹದಿನಾರನ್ನು ಎಐಸಿ ಒಳಗೆ ಬಿಟ್ಟುಕೊಳ್ಳುತ್ತದೆ, ದತ್ತಾಂಶ ಎಷ್ಟೇ ಬೆಳೆದರೂ. ಬಿಐಸಿಯಲ್ಲಿ ಈ ಪ್ರಮಾಣ 32 ಕಾರುಗಳಿಗೆ ಸುಮಾರು ಶೇ. 6, ಸಾವಿರಕ್ಕೆ ಶೇ. 1ಕ್ಕಿಂತ ಕಡಿಮೆ. ಆದರೆ ಈ ಬಿಗಿಗೆ ನಷ್ಟವೂ ಇದೆ. ನಿಜವಾಗಿಯೇ ಸ್ವಲ್ಪ ಉಪಯೋಗವಿರುವ ಚಲಕ ಬಾಗಿಲಿಗೆ ಬಂದರೆ, ಬಿಐಸಿ ಅದನ್ನೂ ಎಷ್ಟೋ ಸಲ ಹೊರಗೇ ನಿಲ್ಲಿಸುತ್ತದೆ. ಹಾರ್ಸ್‌ಪವರ್ ಇದರಲ್ಲಿ ಯಾವ ಜಾತಿಗೆ ಸೇರಿದ್ದು ಎಂದು 32 ಕಾರುಗಳಿಂದ ಹೇಳಲಾಗದು.

ನೀವೇ ಮಾಡಿ ನೋಡುವುದಾದರೆ ಇಷ್ಟು ಸಾಕು:

```
m2 <- lm(mpg ~ wt + cyl, data = mtcars)
m3 <- lm(mpg ~ wt + cyl + hp, data = mtcars)
extractAIC(m2)
extractAIC(m3)
extractAIC(m2, k = log(32))
extractAIC(m3, k = log(32))
```

ಪ್ರತಿ ಸಾಲಿಗೂ ಎರಡು ಅಂಕಿ ಬರುತ್ತವೆ. ಮೊದಲನೆಯದು ಗುಣಾಂಕಗಳ ಸಂಖ್ಯೆ, ಎರಡನೆಯದು ನಮಗೆ ಬೇಕಾದದ್ದು. ನಾನು ಒಂದು ಸಂಜೆ ಪೂರ್ತಿ ಕಳೆದುಕೊಂಡದ್ದು ಇಲ್ಲೇ. ಒಂದು ಮಾದರಿಗೆ extractAIC(), ಇನ್ನೊಂದಕ್ಕೆ AIC() ಬಳಸಿದ್ದೆ. ತೂಕದ ಮಾದರಿಗೆ ಮೊದಲನೆಯದು 73.22 ಎಂದರೆ ಎರಡನೆಯದು 166.03 ಎನ್ನುತ್ತದೆ. ಎರಡೂ ಸರಿ. AIC() ಕೆಲವು ಸ್ಥಿರ ಸಂಖ್ಯೆಗಳನ್ನು ಬಿಡದೆ ಕೂಡಿಸಿಕೊಳ್ಳುತ್ತದೆ, ಅಷ್ಟೇ. ಒಂಟಿ ಅಂಕಿಗೆ ಅರ್ಥವಿಲ್ಲ, ವ್ಯತ್ಯಾಸಕ್ಕೆ ಮಾತ್ರ ಅರ್ಥ. ಹಾಗಾಗಿ ಎಲ್ಲ ಮಾದರಿಗಳಿಗೂ ಒಂದೇ ಆಜ್ಞೆ, ಅದೇ 32 ಸಾಲುಗಳು ಇರಬೇಕು. ಪಟ್ಟಿಯಲ್ಲಿ ಖಾಲಿ ಮನೆಗಳಿದ್ದರೆ lm() ಆ ಸಾಲುಗಳನ್ನು ಹೇಳದೆ ಕೇಳದೆ ಬಿಟ್ಟುಬಿಡುತ್ತದೆ. ಆಗ ಒಂದು ಮಾದರಿ 32 ಸಾಲುಗಳ ಮೇಲೆ, ಇನ್ನೊಂದು 29ರ ಮೇಲೆ ನಿಂತಿರಬಹುದು, ಹೋಲಿಕೆ ಕೆಡುತ್ತದೆ.

ಇನ್ನೊಂದು ಎಡವಟ್ಟು ನನಗೆ ತಡವಾಗಿ ಕಂಡಿತು. ಮೇಲೆ ನಾನು ಒಂದೊಂದೇ ಚಲಕ ಸೇರಿಸುತ್ತ ಹೋದೆ. ಪ್ರತಿ ಸಲ RSSಅನ್ನು ಅತಿ ಹೆಚ್ಚು ಇಳಿಸುವುದನ್ನು ತೆಗೆದುಕೊಂಡೆ. ತಿರುಗಾ ಹತ್ತರಿಂದ ಶುರು ಮಾಡಿ, ಎಐಸಿ ಹೇಳಿದಂತೆ ಒಂದೊಂದೇ ತೆಗೆಯುತ್ತ ಬಂದಾಗ ಉಳಿದದ್ದು ಬೇರೆಯೇ ಮೂರು: ತೂಕ, ಕಾಲು ಮೈಲಿ ಓಡಲು ಹಿಡಿಯುವ ಸಮಯ, ಗೇರ್ ಆಟೋಮ್ಯಾಟಿಕ್ಕೋ ಕೈಯದ್ದೋ ಎಂಬುದು. ಇದರ ಎಐಸಿ 61.31, ಬಿಐಸಿ 67.17. ನಾನು ಹತ್ತಿದ ದಾರಿಯ ಎರಡೂ ಮಾದರಿಗಳಿಗಿಂತ ಎರಡರಲ್ಲೂ ಕಡಿಮೆ! ಎರಡನೆಯ ಹೆಜ್ಜೆಯಲ್ಲಿ ಸಿಲಿಂಡರ್ 191.17, ಕಾಲು ಮೈಲಿ ಸಮಯ 195.46 ಇದ್ದವು. ಆ ಚಿಕ್ಕ ಅಂತರದಿಂದ ನಾನು ಬೇರೆ ಬೀದಿಗೆ ತಿರುಗಿಬಿಟ್ಟಿದ್ದೆ. ಅಳತೆಗೋಲು ಸರಿಯಿತ್ತು, ಆ ಮಾದರಿಯ ಮುಂದೆ ನಾನು ಅದನ್ನು ಹಿಡಿದೇ ಇರಲಿಲ್ಲ.

ಹಾಗಂತ 61.31ನ್ನು ಗೆದ್ದವರೆಂದು ಘೋಷಿಸಲೂ ಬರುವುದಿಲ್ಲ. ಎಐಸಿಯಲ್ಲಿ 2ಕ್ಕಿಂತ ಕಡಿಮೆ ಅಂತರವನ್ನು ಬಲ್ಲವರು ಹೆಚ್ಚುಕಡಿಮೆ ಸಮ ಎಂದೇ ನೋಡುತ್ತಾರೆ, 62.66ಕ್ಕೂ ಇದಕ್ಕೂ ಇರುವುದು 1.35. ಎರಡನೇ ಸಲ ಪ್ರಾಜೆಕ್ಟ್ ಒಪ್ಪಿಸುವಾಗ ನಾನು ಮೂರು ಮಾದರಿಗಳನ್ನೂ ಎರಡೂ ಮೊತ್ತಗಳ ಜೊತೆ ಪಕ್ಕಪಕ್ಕದಲ್ಲಿ ಬರೆದೆ. R² ಕಾಲಂ ಕೊನೆಯಲ್ಲಿತ್ತು. ಸರ್ ಈ ಸಲ ಅದಕ್ಕೆ ಸುತ್ತು ಹಾಕಲಿಲ್ಲ.