ತಾಯಿ ಮರಣ: ಅನುಪಾತ, ದರ ಮತ್ತು ಮೂರು ವಿಳಂಬಗಳು

ತಾಯಿ ಮರಣ ಅನುಪಾತದ ಛೇದ 1 ಲಕ್ಷ ಜೀವಂತ ಜನನ. ದರದ ಛೇದ 15–49 ವಯಸ್ಸಿನ 1 ಲಕ್ಷ ಮಹಿಳೆಯರು. ಉದಾಹರಣೆಗೆ, 20 ಲಕ್ಷ ಮಹಿಳೆಯರಲ್ಲಿ 1 ಲಕ್ಷ ಜನನ, 100 ತಾಯಿ ಮರಣ: ಅನುಪಾತ 100, ದರ 5. ಜನನ 80,000ಕ್ಕೂ ಮರಣ 80ಕ್ಕೂ ಇಳಿದರೆ ದರ 4 ಆಗುತ್ತದೆ, ಅನುಪಾತ 100ರಲ್ಲೇ ಉಳಿಯುತ್ತದೆ. ಹೆರಿಗೆ ಕಡಿಮೆಯಾಯಿತೇ ಹೊರತು ಪ್ರತಿ ಹೆರಿಗೆಯ ಅಪಾಯ ತಗ್ಗಲಿಲ್ಲ. ಪರೀಕ್ಷೆಯಲ್ಲಿ ಎಡವುವುದು ಇಲ್ಲೇ.

ಈ ಮರಣಗಳು ಏಕೆ ಆಗುತ್ತವೆ ಎಂಬುದನ್ನು ವಿವರಿಸುವ ಮೂರು ವಿಳಂಬಗಳ ಮಾದರಿ ಥಡ್ಡಿಯಸ್ ಮತ್ತು ಮೇನ್ ಅವರದು (1994). ಮಸಿನಗುಡಿಯ ಬಾಣಂತಿಗೆ ವಿಪರೀತ ರಕ್ತಸ್ರಾವವಾಯಿತು ಎಂದುಕೊಳ್ಳಿ. ಮನೆಯವರು ಆಸ್ಪತ್ರೆಗೆ ಹೊರಡಲು ತಡಮಾಡುವುದು ಮೊದಲನೆಯದು. ಕಲ್ಲಟ್ಟಿ ಘಾಟಿಯ 36 ತಿರುವು ಹತ್ತಿ ಊಟಿ ತಲುಪಲು ಆಗುವ ತಡ ಎರಡನೆಯದು. ಅಲ್ಲಿ ರಕ್ತವೋ ವೈದ್ಯರೋ ಸಿಗದಿರುವುದು ಮೂರನೆಯದು. ಇಂಥ ರಕ್ತಸ್ರಾವ ಎರಡೇ ಗಂಟೆಯಲ್ಲಿ ಜೀವ ತೆಗೆಯಬಲ್ಲದು.